ಪ್ರಾಜೆಕ್ಟ್ ರಿಪೋರ್ಟಿನ 'ಲಾಭಗಳು' ಪುಟವನ್ನು ಮೊದಲು ತಿರುಗಿಸಿ ಓದಿ

ಕಲಬುರಗಿ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯವರು ಹೋದ ತಿಂಗಳು ನಮ್ಮನ್ನು ಕರೆಸಿದ್ದರು. ಸುದ್ದಿಗಾಗಿ ಅಲ್ಲ. ಸಣ್ಣ ದಾಲ್ ಮಿಲ್ ಹಾಕಲು ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟ್ ತಯಾರಾಗಿತ್ತು. ನಲವತ್ತು ಪುಟ, ಬಣ್ಣದ ರಟ್ಟು. "ಭಾಷೆ ಸ್ವಲ್ಪ ನೋಡಿಕೊಡ್ರಿ, ನೀವು ಬರಿಯೋರು" ಅಂದರು.

'ಯೋಜನೆಯಿಂದ ಆಗುವ ಲಾಭಗಳು' ಎಂಬ ಪುಟದಲ್ಲಿ ಹೀಗಿತ್ತು: "ಈ ಯೋಜನೆಯಿಂದ ರೈತರ ಆದಾಯ ದ್ವಿಗುಣಗೊಳ್ಳಲಿದ್ದು, ಮಧ್ಯವರ್ತಿಗಳ ಹಾವಳಿ ತಪ್ಪಿ, ಯುವಕರಿಗೆ ಉದ್ಯೋಗ ದೊರೆತು, ಗ್ರಾಮದ ಸರ್ವತೋಮುಖ ಅಭಿವೃದ್ಧಿಯಾಗಲಿದೆ." ಭಾಷೆಯಲ್ಲಿ ತಪ್ಪೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಇಂಥ ವಾಕ್ಯಗಳನ್ನು ಪ್ರೆಸ್ ನೋಟಿನಿಂದ ಎತ್ತಿ ನಾವೇ ಎಷ್ಟು ಸಲ ಪೇಪರಿಗೆ ಕಳಿಸಿದ್ದೇವೋ ಲೆಕ್ಕವಿಲ್ಲ. ಆದರೆ ಅಲ್ಲೇ ಕೂತಿದ್ದ ಒಬ್ಬ ಹಿರಿಯ ಸದಸ್ಯರು, ಎಲ್ಲರೂ ಕಾಕಾ ಅಂತ ಕರೆಯುವವರು, ಒಂದು ಮಾತು ಕೇಳಿದರು: "ಎಲ್ಲಾ ಛಲೋ ಅದ. ಆದ್ರ ಇದರಾಗ ನಮಗ ಎಷ್ಟು ರೊಕ್ಕ ಸಿಗ್ತದ ಅನ್ನೋದು ಎಲ್ಲದ ರೀ?"

ಎಲ್ಲೂ ಇರಲಿಲ್ಲ. ಭಾಷೆ ತಿದ್ದುವುದು ಬಿಟ್ಟು ಆ ಪುಟವನ್ನೇ ಹೊಸದಾಗಿ ಬರೆಯಲು ಕೂತೆವು. ಸಾಲ ಮರುಪಾವತಿ ಮಾಡಬೇಕಾದವರು ಸದಸ್ಯರು. ರಿಪೋರ್ಟ್ ಬರೆದ ಕನ್ಸಲ್ಟೆಂಟ್ ತನ್ನ ಫೀಸು ತಗೊಂಡು ಹೋಗಿ ಆಗಿತ್ತು.

ಮೊದಲು ಹಿಡಿದದ್ದು 'ದ್ವಿಗುಣ' ಎಂಬ ಶಬ್ದ. ಅದರ ಹಿಂದೆ ಒಂದು ಲೆಕ್ಕ ಇರಲೇಬೇಕು. ಹುಡುಕಿದಾಗ 31ನೇ ಪುಟದಲ್ಲಿ ಸಿಕ್ಕಿತು. ಮಿಲ್ ಗಂಟೆಗೆ 2 ಕ್ವಿಂಟಲ್ ತೊಗರಿ ಒಡೆಯುತ್ತದೆ, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ, ಒಟ್ಟು 4,800 ಕ್ವಿಂಟಲ್. ಯಂತ್ರದ ಮಟ್ಟಿಗೆ ಇದು ಸರಿಯಿರಬಹುದು. ಆದರೆ ತೊಗರಿ ಯಂತ್ರದಲ್ಲಷ್ಟೇ ಬ್ಯಾಳಿ ಆಗುವುದಿಲ್ಲ. ಕಾಳಿಗೆ ಗೀರು ಹಾಕಿ, ಎಣ್ಣೆ ಸವರಿ, ರಾಶಿ ಹಾಕಿ ಬಿಟ್ಟು, ಆಮೇಲೆ ಎರಡು ಮೂರು ದಿನ ಅಂಗಳದಲ್ಲಿ ಬಿಸಿಲಿಗೆ ಒಣಗಿಸಬೇಕು. ಆಗಲೇ ಸಿಪ್ಪೆ ಸಡಿಲವಾಗುವುದು. ಒಣಗಿಸುವ ಯಂತ್ರ ಈ ಯೋಜನೆಯಲ್ಲಿ ಇಲ್ಲ. ಹಾಗಿದ್ದ ಮೇಲೆ ಮಳೆಗಾಲದ ನಾಲ್ಕು ತಿಂಗಳು ಮಿಲ್ ಬಹುತೇಕ ನಿಂತಂತೆಯೇ. 300 ದಿನ ಎಂದು ಬರೆದವರು ಜೂನ್ ತಿಂಗಳಲ್ಲಿ ಈ ಕಡೆ ಬಂದಿರಲಿಕ್ಕಿಲ್ಲ.

ಇನ್ನು 4,800 ಕ್ವಿಂಟಲ್ ತೊಗರಿ ಎಲ್ಲಿಂದ ಬರಬೇಕು? ಸದಸ್ಯರು 300 ಮಂದಿ. ಮನೆಗೊಂದು 12 ಕ್ವಿಂಟಲ್ ಮಾರಾಟಕ್ಕೆ ಉಳಿಯುತ್ತದೆ ಎಂದು ಅವರೇ ಅಂದಾಜು ಹೇಳಿದರು. ಅಲ್ಲಿಗೆ 3,600. ಆದರೆ ಅದರಲ್ಲಿ ಅರ್ಧದಷ್ಟು ಜನ ಬೀಜ, ಗೊಬ್ಬರಕ್ಕೆ ಅಡತಿ ಅಂಗಡಿಯಲ್ಲಿ ಮುಂಗಡ ತಂದವರು. ರಾಶಿ ಆದ ದಿನವೇ ಅವರ ಚೀಲ ಅಡತಿಗೆ ಹೋಗುತ್ತದೆ. 'ಮಧ್ಯವರ್ತಿಗಳ ಹಾವಳಿ ತಪ್ಪಿ' ಎಂದು ಬರೆದವರು ಆ ಮುಂಗಡ ತೀರಿಸುವವರು ಯಾರು ಎಂದು ಬರೆದಿರಲಿಲ್ಲ. ಕೈಬಿಚ್ಚಿ ಲೆಕ್ಕ ಹಾಕಿದರೂ ಮಿಲ್ಲಿಗೆ ಬರುವುದು 1,500 ಕ್ವಿಂಟಲ್. ಅದನ್ನೇ ಊಹೆ ಎಂದು ಬರೆದೆವು. 'ಊಹೆ' ಎಂಬ ಶಬ್ದವನ್ನೇ ಬಳಸಿದೆವು. ಕಾರ್ಯದರ್ಶಿಗೆ ಅದು ಹಿಡಿಸಲಿಲ್ಲ, ಬ್ಯಾಂಕಿನವರು ಏನಂದಾರೋ ಎಂಬ ಚಿಂತೆ ಅವರದು. ಊಹೆ ಹಳೆಯ ರಿಪೋರ್ಟಿನಲ್ಲೂ ಇತ್ತು, ಅಲ್ಲಿ ಅದು 31ನೇ ಪುಟದಲ್ಲಿ ಅಡಗಿ ಕೂತಿತ್ತು, ಅಷ್ಟೇ.

ಆಮೇಲೆ ಒಂದು ಕ್ವಿಂಟಲ್ ತೊಗರಿಯನ್ನು ಹಿಡಿದು ಅದರ ಬೆನ್ನು ಹತ್ತಿದೆವು. ಕೊಳ್ಳುವ ದರ 7,500 ರೂಪಾಯಿ ಎಂದು ಇಟ್ಟುಕೊಂಡೆವು. ಒಡೆದಾಗ 70 ಕೆ.ಜಿ. ಒಳ್ಳೆ ಬ್ಯಾಳಿ, 8 ಕೆ.ಜಿ. ನುಚ್ಚು, 19 ಕೆ.ಜಿ. ಹೊಟ್ಟು-ಪುಡಿ. ಉಳಿದ 3 ಕೆ.ಜಿ. ಧೂಳು, ಆರುವ ತೇವ. ಬ್ಯಾಳಿ ಸಗಟಿಗೆ 110 ರೂಪಾಯಿ, ನುಚ್ಚು 50, ದನಕ್ಕೆ ಹಾಕುವ ಹೊಟ್ಟು 20 ಎಂದರೆ ಕೈಗೆ ಬರುವುದು 8,480. ಕೂಲಿ, ಕರೆಂಟು, ಎಣ್ಣೆ, ಚೀಲ, ಸಾಗಾಟ ಸೇರಿ ಕ್ವಿಂಟಲಿಗೆ 450 ಹೋದರೆ ಉಳಿಯುವುದು 530 ರೂಪಾಯಿ. 1,500 ಕ್ವಿಂಟಲಿಗೆ 7 ಲಕ್ಷ 95 ಸಾವಿರ.

ಕಾರ್ಯದರ್ಶಿಯ ಮುಖ ಅರಳಿತು. ಆದರೆ ಮಿಲ್ ನಡೆದರೂ ನಿಂತರೂ ಬಿಡದ ಖರ್ಚುಗಳಿವೆ. ಒಟ್ಟು ಯೋಜನೆ 30 ಲಕ್ಷದ್ದು. 10 ಲಕ್ಷ ಸದಸ್ಯರ ಷೇರು ಮತ್ತು ಉಳಿತಾಯ, 20 ಲಕ್ಷ ಸಾಲ. ಶೇ 9ರ ಬಡ್ಡಿಯಲ್ಲಿ 7 ವರ್ಷಕ್ಕೆ ಕಂತು ಕಟ್ಟಿದರೆ ವರ್ಷಕ್ಕೆ ಹತ್ತಿರ ಹತ್ತಿರ 3 ಲಕ್ಷ 90 ಸಾವಿರ. ಮಿಲ್ ನೋಡಿಕೊಳ್ಳುವವನ ಸಂಬಳ 1 ಲಕ್ಷ 80 ಸಾವಿರ. ರಿಪೇರಿ, ವಿಮೆ, ಕರೆಂಟಿನ ನಿಗದಿತ ಶುಲ್ಕಕ್ಕೆ 1 ಲಕ್ಷ. ಒಟ್ಟು 6 ಲಕ್ಷ 70 ಸಾವಿರ. ಉಳಿದದ್ದು 1 ಲಕ್ಷ 25 ಸಾವಿರ. 300 ಮಂದಿಗೆ ಹಂಚಿದರೆ ತಲೆಗೆ ವರ್ಷಕ್ಕೆ 416 ರೂಪಾಯಿ.

'ಆದಾಯ ದ್ವಿಗುಣ' ಎಂದಿದ್ದ ಜಾಗದಲ್ಲಿ 416 ಎಂದು ಬರೆದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿಯ ಬಡ್ಡಿ ರಿಯಾಯಿತಿ ಸೇರಿಸಿಲ್ಲವಲ್ಲ ಎಂದು ಒಬ್ಬ ಹುಡುಗ ನೆನಪಿಸಿದ. ಹೌದು, 2 ಕೋಟಿವರೆಗಿನ ಸಾಲಕ್ಕೆ 7 ವರ್ಷದವರೆಗೆ ಶೇ 3ರ ರಿಯಾಯಿತಿ ಇದೆ. 20 ಲಕ್ಷಕ್ಕೆ ಮೊದಲ ವರ್ಷ 50 ಸಾವಿರದ ಮೇಲೆ ಸಿಕ್ಕೀತು, ಸಾಲ ಕರಗಿದ ಹಾಗೆ ಅದೂ ಕರಗುತ್ತದೆ. ಅದು ಮಂಜೂರಾದ ಮೇಲೆ ಸೇರಿಸೋಣ, ಈಗ ಅದನ್ನು ನಂಬಿ ಕೂಡಿಸುವುದು ಬೇಡ ಎಂಬುದು ನಮ್ಮ ವಾದ.

ಅಷ್ಟರಲ್ಲಿ ದೊಡ್ಡದೊಂದು ಖರ್ಚನ್ನು ನಾವೂ ಮರೆತಿದ್ದೆವು. ಅದನ್ನು ಹಿಡಿದದ್ದು ಕಾಕಾ. "ತೊಗರಿ ತಗೊಳ್ಳಾಕ ರೊಕ್ಕ ಎಲ್ಲಿಂದ ತರ್ತೀರಿ?" ರೈತನಿಗೆ ಅಂದೇ ದುಡ್ಡು ಕೊಡಬೇಕು, ಇಲ್ಲದಿದ್ದರೆ ಅವನು ಅಡತಿಗೇ ಹೋಗುತ್ತಾನೆ. ಬ್ಯಾಳಿ ಒಯ್ದ ವ್ಯಾಪಾರಿ ದುಡ್ಡು ಕೊಡುವುದು ವಾರಗಳ ಮೇಲೆ. ನಡುವೆ ಯಾವಾಗಲೂ 300 ಕ್ವಿಂಟಲಿನ ದುಡ್ಡು, ಅಂದರೆ 22 ಲಕ್ಷ 50 ಸಾವಿರ, ದಾಸ್ತಾನು ಮತ್ತು ಉದ್ರಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಇದು ಯಂತ್ರದ ಸಾಲಕ್ಕಿಂತ ದೊಡ್ಡ ಮೊತ್ತ, ರಿಪೋರ್ಟಿನಲ್ಲಿ ಇದರ ಸುಳಿವೇ ಇಲ್ಲ. ಶೇ 10ರಂತೆ ಎಂಟು ತಿಂಗಳ ಬಡ್ಡಿ 1 ಲಕ್ಷ 50 ಸಾವಿರ. ಉಳಿದಿದ್ದ 1 ಲಕ್ಷ 25 ಸಾವಿರ ಹೋಗಿ, ಕೈಯಿಂದ 25 ಸಾವಿರ ಹಾಕಬೇಕಾಯಿತು.

ದಾಲ್ ಮಿಲ್ ಬೇಡ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಲೆಕ್ಕ ಬಿಚ್ಚಿಟ್ಟ ಮೇಲೇ ದಾರಿ ಕಂಡದ್ದೂ ಹೌದು. ಊರವರು ಮನೆ ಬಳಕೆಗೆ ತರುವ ತೊಗರಿಯನ್ನು ಕೂಲಿಗೆ ಒಡೆದುಕೊಟ್ಟರೆ ದಾಸ್ತಾನಿನ ದುಡ್ಡು ಬೇಡ, ಚೀಲ ಬೇಡ, ಲಾರಿ ಬೇಡ. ಕ್ವಿಂಟಲಿಗೆ 500 ತಗೊಂಡು 200 ಖರ್ಚಾದರೆ 300 ಉಳಿಯುತ್ತದೆ. 400 ಕ್ವಿಂಟಲ್ ಹಾಗೆ ಬಂದರೆ 1 ಲಕ್ಷ 20 ಸಾವಿರ. ಆಗ ಒಟ್ಟು ಲೆಕ್ಕ 95 ಸಾವಿರದ ಲಾಭಕ್ಕೆ ಬಂತು. ಮೂಲ ರಿಪೋರ್ಟಿನಲ್ಲಿ ಕೂಲಿ ಒಡೆಯುವ ಮಾತೇ ಇರಲಿಲ್ಲ. ಅದು 'ಮೌಲ್ಯವರ್ಧನೆ' ಅನಿಸಿರಲಿಕ್ಕಿಲ್ಲ.

ಅಪಾಯಗಳನ್ನು ಬರೆಯುವಾಗಲೂ ಹಳೆ ಚಾಳಿ ಬಿಡಲಿಲ್ಲ. 'ಮಾರುಕಟ್ಟೆ ಏರಿಳಿತ' ಎಂದು ಮೊದಲು ನಾವೇ ಬರೆದು ಹೊಡೆದುಹಾಕಿದೆವು. ಏರಿಳಿತ ಎಂದರೆ ಎಷ್ಟು? ತೊಗರಿ ದರ ಹಾಗೇ ಇದ್ದು ಬ್ಯಾಳಿ ದರ ಕೆ.ಜಿ.ಗೆ 3 ರೂಪಾಯಿ ಇಳಿದರೆ ಕ್ವಿಂಟಲಿಗೆ 210 ಹೋಯಿತು, 1,500 ಕ್ವಿಂಟಲಿಗೆ 3 ಲಕ್ಷ 15 ಸಾವಿರ. ಅಂಗಡಿಯಲ್ಲಿ ಯಾರೂ ಗಮನಿಸದ ಆ 3 ರೂಪಾಯಿ ಇಡೀ ವರ್ಷದ ದುಡಿಮೆಯನ್ನು 2 ಲಕ್ಷದ ಮೇಲಿನ ನಷ್ಟಕ್ಕೆ ತಳ್ಳುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ತೊಗರಿಯ ಆಮದು ಸುಂಕ ತೆಗೆದಿತ್ತು. ಅಂಥ ತೀರ್ಮಾನ ದೆಹಲಿಯಲ್ಲಿ ಆಗುತ್ತದೆ, ಅದಕ್ಕೆ ಕಂಪನಿಯ ನಿರ್ದೇಶಕರು ಮಾಡುವಂಥದ್ದು ಏನೂ ಇಲ್ಲ. ಅದನ್ನೂ ಹಾಗೇ ಬರೆದೆವು.

ಇನ್ನೊಂದು ಇಳುವರಿ. 70 ಕೆ.ಜಿ. ಬದಲು 67 ಬಂದು ಆ 3 ಕೆ.ಜಿ. ನುಚ್ಚಾದರೆ ಕ್ವಿಂಟಲಿಗೆ 180 ನಷ್ಟ. ಕಾಳು ಸರಿಯಾಗಿ ಒಣಗದಿದ್ದರೆ ಸಿಪ್ಪೆ ಬಿಡುವುದಿಲ್ಲ, ಎರಡನೇ ಸಲ ಯಂತ್ರಕ್ಕೆ ಹಾಕಬೇಕು, ಆಗ ನುಚ್ಚು ಹೆಚ್ಚುತ್ತದೆ. ಕಾಳಿನ ಗಾತ್ರ ಒಂದೇ ಸಮ ಇರದಿದ್ದರೂ ಹೀಗೇ. ಇದು ತಿಂಗಳ ಕೊನೆಗೆ ಗೊತ್ತಾದರೆ ಪ್ರಯೋಜನವಿಲ್ಲ. ಪ್ರತಿ ದಿನ ನುಚ್ಚನ್ನು ಬೇರೆ ತೂಗಿ, ಕ್ವಿಂಟಲಿಗೆ 10 ಕೆ.ಜಿ. ದಾಟಿದ ದಿನ ಮಿಲ್ ನಿಲ್ಲಿಸಿ ಕಾರಣ ಹುಡುಕಬೇಕು ಎಂದು ಸೇರಿಸಿದೆವು. ಇನ್ನು ಬೆಳೆಯೇ ಕೈಕೊಟ್ಟರೆ? 2022ರಲ್ಲಿ ನೆಟೆ ರೋಗಕ್ಕೆ ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದ್ದನ್ನು ನಾವೇ ಹೊಲಹೊಲ ಓಡಾಡಿ ಬರೆದವರು. ಅಂಥ ವರ್ಷವೂ ಕಂತು ಕಟ್ಟಬೇಕು. ಹಾಗಾಗಿ ಒಂದು ವರ್ಷದ ಕಂತಿನಷ್ಟು ದುಡ್ಡು ಬ್ಯಾಂಕಿನಲ್ಲಿ ಬೇರೆ ಇಡುವವರೆಗೆ ಯಾರಿಗೂ ಲಾಭಾಂಶ ಹಂಚುವಂತಿಲ್ಲ ಎಂಬ ಸಾಲು ಸೇರಿತು. ಆ ಸಾಲಿಗೆ ಬಹಳ ಜಗಳವಾಯಿತು.

ಕೊನೆಗೆ ಆ ಪುಟ ಹೀಗಾಯಿತು: "ವರ್ಷಕ್ಕೆ 1,500 ಕ್ವಿಂಟಲ್ ಕೊಂಡು, 400 ಕ್ವಿಂಟಲ್ ಕೂಲಿಗೆ ಒಡೆದು, 70 ಕೆ.ಜಿ. ಇಳುವರಿ ಬಂದು, ಬ್ಯಾಳಿ 110 ರೂಪಾಯಿಗೆ ಮಾರಾಟವಾದರೆ ಸುಮಾರು 95 ಸಾವಿರ ಉಳಿಯುತ್ತದೆ. ಬ್ಯಾಳಿ ದರ 3 ರೂಪಾಯಿ ಇಳಿದರೆ 2 ಲಕ್ಷ 20 ಸಾವಿರ ನಷ್ಟ. ಉದ್ಯೋಗ: ಒಬ್ಬರಿಗೆ ವರ್ಷವಿಡೀ, ಮಿಲ್ ನಡೆಯುವ ಸುಮಾರು 120 ದಿನ ನಾಲ್ವರಿಗೆ ಕೂಲಿ. 7 ವರ್ಷದ ನಂತರ ಕಂತು ಮುಗಿದು ಮಿಲ್ ಕಂಪನಿಯದಾಗುತ್ತದೆ." ಕೊನೆಯ ವಾಕ್ಯ ಕಾರ್ಯದರ್ಶಿ ಸೇರಿಸಿದ್ದು. ನಿಜವಾದ ಲಾಭ ಅದೇ, ಹಳೆಯ ಪುಟದಲ್ಲಿ ಅದೇ ಇರಲಿಲ್ಲ.

ಇದನ್ನು ಓದಿದರೆ ಬ್ಯಾಂಕಿನವರು ಸಾಲ ಕೊಡಲಿಕ್ಕಿಲ್ಲ ಎಂದು ನಿರ್ದೇಶಕರೊಬ್ಬರು ಬೇಸರ ಮಾಡಿಕೊಂಡರು. ಇರಬಹುದು. ಆದರೆ 3 ರೂಪಾಯಿಗೆ ಮುಳುಗುವ ಮಿಲ್ ಅನ್ನು ಬ್ಯಾಂಕಿನಿಂದ ಮುಚ್ಚಿಟ್ಟರೆ ಷೇರು ಹಣ ಕೊಟ್ಟ 300 ಮನೆಗಳಿಂದಲೂ ಮುಚ್ಚಿಟ್ಟಂತೆಯೇ. ನಿಮ್ಮೂರಿನಲ್ಲೂ ಇಂಥ ರಿಪೋರ್ಟಿನ ಮೇಲೆ ಸಹಿ ಕೇಳುತ್ತಿದ್ದರೆ ಎಷ್ಟು ಕ್ವಿಂಟಲ್, ಯಾವ ದರ, ಎಷ್ಟು ದಿನ, ಸರಕು ಕೊಳ್ಳಲು ದುಡ್ಡು ಯಾರದು ಎಂದು ಕೇಳಿ. 'ತಜ್ಞರು ಲೆಕ್ಕ ಹಾಕ್ಯಾರ' ಎಂಬ ಉತ್ತರ ಬಂದರೆ ಆ ಪುಟವನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು ಮನೆಗೆ ಹೋಗಿ, ಸಹಿ ಆಮೇಲೆ ನೋಡೋಣ.

ಷೇರು ಹಣ ಎತ್ತುವುದನ್ನು ಈ ಕಂಪನಿ ಸದ್ಯ ಮುಂದಕ್ಕೆ ಹಾಕಿದೆ. ಜನವರಿಯಲ್ಲಿ ಹೊಸ ತೊಗರಿ ಬಂದಾಗ 50 ಕ್ವಿಂಟಲನ್ನು ಪಕ್ಕದ ತಾಲ್ಲೂಕಿನ ಮಿಲ್ಲಿನಲ್ಲಿ ಕೂಲಿಗೆ ಒಡೆಸಿ, ಬ್ಯಾಳಿ, ನುಚ್ಚು, ಹೊಟ್ಟು ಬೇರೆ ಬೇರೆ ತೂಗಿ, ಮಾರಿದ ದರವನ್ನೂ ದುಡ್ಡು ಕೈಗೆ ಬಂದ ದಿನವನ್ನೂ ಬರೆದಿಡುವುದು ಎಂದು ತೀರ್ಮಾನವಾಗಿದೆ. ತಕ್ಕಡಿ ಮುಂದೆ ನಿಲ್ಲುವ ಕೆಲಸ ಕಾಕಾ ತಾವೇ ಕೇಳಿ ತಗೊಂಡಿದ್ದಾರೆ.