ಚಿತ್ರ ಟಿ.ವಿ.ಗೆ, ದನಿ ಲ್ಯಾಪ್‌ಟಾಪಿಗೆ

ದೂರದ ಉಪಾಧ್ಯಾಯರ ಪಾಠವನ್ನು ತರಗತಿಯೆಲ್ಲ ನೋಡಬೇಕಾದಾಗ, ಇಲ್ಲವೆ ಊರಿನ ಅಜ್ಜಿಯೊಡನೆ ಮನೆಮಂದಿಯೆಲ್ಲ ಕೂಡಿ ಮಾತನಾಡಬೇಕಾದಾಗ, ಲ್ಯಾಪ್‌ಟಾಪಿನಲ್ಲಿ ನಡೆಯುವ ವಿಡಿಯೋ ಸಭೆಯನ್ನು ತಂತಿಯಿಲ್ಲದೆ ಸ್ಮಾರ್ಟ್ ಟಿ.ವಿ.ಗೆ ಕಳಿಸುವುದುಂಟು. ಹಾಗೆ ಕಳಿಸುವಾಗ ಚಿತ್ರವನ್ನು ಮಾತ್ರ ಟಿ.ವಿ.ಗೆ ಕೊಟ್ಟು, ದನಿಯನ್ನು ಲ್ಯಾಪ್‌ಟಾಪಿನಲ್ಲಿಯೇ ಉಳಿಸಿಕೊಳ್ಳಬೇಕೆಂಬುದು ನಮ್ಮ ಮತ.

ಇದಕ್ಕೆ ಕಾರಣವುಂಟು. ಚಿತ್ರವು ಟಿ.ವಿ.ಯಲ್ಲಿ ಕಂಡರೂ ಕ್ಯಾಮರಾ ಮತ್ತು ಮೈಕು ಲ್ಯಾಪ್‌ಟಾಪಿನವೇ ಆಗಿರುತ್ತವೆ. ಲ್ಯಾಪ್‌ಟಾಪು ತಾನು ನುಡಿಸಿದ ದನಿಯು ಮರಳಿ ಮೈಕಿಗೆ ಬಿದ್ದರೆ ಅದನ್ನು ಗುರುತಿಸಿ ಅಳಿಸಿಬಿಡುತ್ತದೆ. ಆದರೆ ನಿಸ್ತಂತುವಾಗಿ ಟಿ.ವಿ.ಗೆ ಹೋದ ದನಿ ತುಸು ತಡವಾಗಿ ಹೊರಡುತ್ತದೆ. ಆ ತಡದಿಂದ ಗುರುತು ತಪ್ಪಿದರೆ, ದನಿಯು ಅಳಿಯದೆ ಹೊರಟಲ್ಲಿಗೇ ಮರಳುತ್ತದೆ.

ಗದಗಿನಲ್ಲಿ ಅಜ್ಜಿ, ಮುಂಬಯಿಯಲ್ಲಿ ಮೊಮ್ಮಕ್ಕಳು ಎಂದಿಟ್ಟುಕೊಳ್ಳೋಣ. ಅಜ್ಜಿ “ಊಟ ಆತೇನವಾ?” ಎಂದು ಕೇಳುತ್ತಾಳೆ. ಆ ಮಾತು ಮುಂಬಯಿಯ ಟಿ.ವಿ.ಯಲ್ಲಿ ಮೊಳಗಿ, ಅಲ್ಲಿಯ ಮೈಕಿಗೆ ಬಿದ್ದು, ಅವಳ ಕಿವಿಗೇ ಹಿಂದಿರುಗುತ್ತದೆ. ತನ್ನ ಮಾತೇ ತನ್ನನ್ನು ತಡೆದಂತಾಗಿ ಅವಳು ಸುಮ್ಮನಾಗುತ್ತಾಳೆ. ಮೊಮ್ಮಕ್ಕಳಿಗೋ ಎಲ್ಲವೂ ಸರಿಯಾಗಿ ಕೇಳುತ್ತಿರುವುದರಿಂದ, ದೋಷವು ಅಜ್ಜಿಯ ಫೋನಿನದೆಂದು ಭಾವಿಸುತ್ತಾರೆ. ಇದನ್ನು ಪರೀಕ್ಷಿಸುವುದು ಸುಲಭ: ಇತ್ತ ಮೈಕನ್ನು ಮುಚ್ಚಿ ಅಜ್ಜಿಗೆ ಮಾತನಾಡಲು ಹೇಳಬೇಕು. ಪ್ರತಿಧ್ವನಿ ನಿಂತರೆ ದೋಷ ಇತ್ತಲಿನದೇ.

ವಿಂಡೋಸ್ ಲ್ಯಾಪ್‌ಟಾಪು ಮತ್ತು ಮಿರಾಕಾಸ್ಟ್ ಸೌಲಭ್ಯವುಳ್ಳ ಟಿ.ವಿ. ಇದ್ದರೆ ಕ್ರಮ ಹೀಗೆ. ಮೊದಲು ಟಿ.ವಿ.ಯಲ್ಲಿ Screen Mirroring ಎಂಬುದನ್ನು ತೆರೆಯಬೇಕು, ಕೆಲವು ಟಿ.ವಿ.ಗಳಲ್ಲಿ ಇದರ ಹೆಸರು ಬೇರೆಯಿರಬಹುದು. ಬಳಿಕ ಲ್ಯಾಪ್‌ಟಾಪಿನಲ್ಲಿ Windows + K ಒತ್ತಿ, ಪಟ್ಟಿಯಲ್ಲಿ ಕಾಣುವ ಟಿ.ವಿ.ಯ ಹೆಸರನ್ನು ಆರಿಸಬೇಕು. ಚಿತ್ರ ಮೂಡುತ್ತಲೇ ದನಿಯೂ ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತದೆ. ಆಗ ಧ್ವನಿಯ ಸೆಟ್ಟಿಂಗಿನ ಪಟ್ಟಿಯಿಂದ ಲ್ಯಾಪ್‌ಟಾಪಿನ ಸ್ಪೀಕರನ್ನು ಮರಳಿ ಆರಿಸಬೇಕು. ಸಭೆಯ ಆಪ್‌ನೊಳಗಿನ ಸೆಟ್ಟಿಂಗಿನಲ್ಲಿಯೂ ಅದೇ ಸ್ಪೀಕರಿದೆಯೇ ಎಂದು ನೋಡುವುದು ಒಳಿತು.

ಲ್ಯಾಪ್‌ಟಾಪಿನ ಸಣ್ಣ ದನಿ ನಲವತ್ತು ಮಕ್ಕಳ ತರಗತಿಗೆ ಸಾಲದೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ನಿಜವೇ. ಆದರೆ ಅದಕ್ಕೆ ಉಪಾಯ ಟಿ.ವಿ.ಯ ದನಿಯಲ್ಲ, ಲ್ಯಾಪ್‌ಟಾಪಿಗೆ ತಂತಿಯಿಂದ ಜೋಡಿಸಿದ ಸ್ಪೀಕರು. ಬ್ಲೂಟೂತ್ ಸ್ಪೀಕರು ತಾನೂ ತಡಮಾಡುವುದರಿಂದ ಇಲ್ಲಿ ಹಿತವಲ್ಲ.

ಈ ಕ್ರಮದಲ್ಲಿ ಒಂದು ಕೊರತೆಯೂ ಉಂಟು: ದನಿ ಮೊದಲು ಬಂದು, ಟಿ.ವಿ.ಯಲ್ಲಿ ತುಟಿಗಳ ಚಲನೆ ತುಸು ಹಿಂದುಳಿಯುತ್ತದೆ. ಆದರೂ ನೋಡುವವರ ಆ ಸಣ್ಣ ಕಿರುಕುಳಕ್ಕಿಂತ ಮಾತನಾಡುವವರ ಬಾಯಿ ಕಟ್ಟುವುದು ದೊಡ್ಡ ತೊಂದರೆಯೆಂದು ನಾವು ಎಣಿಸುತ್ತೇವೆ. ಇನ್ನು ಲ್ಯಾಪ್‌ಟಾಪನ್ನು ಟಿ.ವಿ.ಯ ಕೆಳಗೇ, ನಿಮ್ಮತ್ತ ಮುಖಮಾಡಿ ಇಡಿರಿ. ಪಕ್ಕದಲ್ಲಿಟ್ಟರೆ ನೀವು ಟಿ.ವಿ. ನೋಡುವಾಗಲೆಲ್ಲ ಅಜ್ಜಿಗೆ ಕಾಣುವುದು ನಿಮ್ಮ ಕಿವಿಯಷ್ಟೇ.