ಆರ್‌ಡಿ ಲೆಕ್ಕ ಬಿಡಿಸಿ ಕೊಡಿ

ತಿಂಗಳಿಗೆ 1,000 ರೂಪಾಯಿಯಂತೆ ಒಂದು ವರ್ಷ ಆರ್‌ಡಿ ಕಟ್ಟಿದವರು ಶೇ 6ರ ಬಡ್ಡಿಯೆಂದರೆ 12,000ಕ್ಕೆ 720 ರೂಪಾಯಿ ಎಂದುಕೊಳ್ಳುತ್ತಾರೆ. ಕೈಗೆ ಬರುವುದು ಸುಮಾರು 395. ಬ್ಯಾಂಕ್ ಮೋಸ ಮಾಡಿತೆಂಬ ಅನುಮಾನ ಹುಟ್ಟುವುದು ಇಲ್ಲೇ.

ಮೋಸವೇನಿಲ್ಲ. ಮೊದಲ ಕಂತಿನ ಹಣ 12 ತಿಂಗಳು ಬ್ಯಾಂಕಿನಲ್ಲಿದ್ದು 61 ರೂಪಾಯಿ ದುಡಿದರೆ, ಕೊನೆಯ ಕಂತಿಗೆ ಸಿಗುವುದು ಒಂದೇ ತಿಂಗಳು, ಐದು ರೂಪಾಯಿ. ಎಲ್ಲ ಕಂತುಗಳ ತಿಂಗಳು ಕೂಡಿಸಿದರೆ 78. ಸಾವಿರಕ್ಕೆ ತಿಂಗಳಿಗೆ 5 ರೂಪಾಯಿಯಂತೆ ಸರಳ ಬಡ್ಡಿಯೇ 390 ಆಗುತ್ತದೆ. ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುವ ಚಕ್ರಬಡ್ಡಿಯಿಂದ ವರ್ಷದ ಅವಧಿಯಲ್ಲಿ ಹೆಚ್ಚುವುದು ಐದು ರೂಪಾಯಿ ಚಿಲ್ಲರೆ ಮಾತ್ರ. ಅವಧಿ ಉದ್ದವಾದಷ್ಟೂ ಅದು ಬೆಳೆಯುತ್ತದೆ. ಎಲ್ಲ ಕಂತೂ ಸಮಯಕ್ಕೆ ಕಟ್ಟಿಯೂ 390ಕ್ಕಿಂತ ಕಡಿಮೆ ಬಂದಿದ್ದರೆ ಪ್ರಶ್ನಿಸಲೇಬೇಕು.

ಆದರೆ ಪ್ರಶ್ನಿಸಲು ಕೈಯಲ್ಲಿ ವಿವರ ಬೇಕಲ್ಲ? ಮೆಚ್ಯೂರಿಟಿ ದಿನ ಉಳಿತಾಯ ಖಾತೆಗೆ ಜಮಾ ಆದ ಒಂದೇ ಮೊತ್ತ ತೋರಿಸಿದರೆ ಸಾಲದು. ಪ್ರತಿ ಕಂತು ಬಂದ ದಿನಾಂಕ, ಬಡ್ಡಿ ದರ, ಪ್ರತಿ ತ್ರೈಮಾಸಿಕದಲ್ಲಿ ಸೇರಿದ ಬಡ್ಡಿ ಪಟ್ಟಿಯಲ್ಲಿ ಕಾಣಬೇಕು. ತಡವಾದ ಕಂತಿನ ದಂಡವನ್ನೂ ಟಿಡಿಎಸ್ ಕಡಿತವನ್ನೂ ಬಡ್ಡಿಯೊಳಗೇ ಕರಗಿಸದೆ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ದಂಡ ಹೋದರೆ ಹೋಯಿತು, ಟಿಡಿಎಸ್ ಹಾಗಲ್ಲ: ತೆರಿಗೆ ಬಾಧ್ಯತೆ ಇಲ್ಲದವರು ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಕಡಿತವಾದದ್ದೇ ಗೊತ್ತಾಗದಿದ್ದರೆ ಕೇಳುವುದು ಹೇಗೆ?