ನೀವು ಯಾರ ಕಡೆ?

ಹೊಸ ಕಚೇರಿಗೆ ವರ್ಗವಾಗಿ ಬಂದು ಎರಡು ವಾರವೂ ಆಗಿರಲಿಲ್ಲ. ಕ್ಯಾಂಟೀನಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಕಾಫಿ ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದರು: "ಬೇಜಾರು ಮಾಡ್ಕೋಬೇಡಿ ಸಾರ್. ಇಲ್ಲಿ ಇಬ್ಬರು ದೊಡ್ಡೋರ ಹತ್ರಾನೂ ಚೆನ್ನಾಗಿರೋಕೆ ಆಗಲ್ಲ. ಬೇಗ ಒಂದು ಕಡೆ ಆಗ್ಬಿಡಿ." ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಳೆದ ವರ್ಷಗಳುದ್ದಕ್ಕೂ ಈ ಬುದ್ಧಿಮಾತನ್ನು ಬೇರೆ ಬೇರೆ ಬಾಯಿಂದ ಕೇಳಿದ್ದೇನೆ. ಇದು ಕೆಟ್ಟ ಬುದ್ಧಿಮಾತು ಎಂದು ಹೇಳುವುದಕ್ಕೇ ಈ ಬರಹ.

ಪಕ್ಷ ಹಿಡಿ ಎಂದು ಯಾವ ಸಾಹೇಬರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಒತ್ತಡ ಸಣ್ಣಸಣ್ಣ ಕೆಲಸಗಳ ವೇಷದಲ್ಲಿ ಬರುತ್ತದೆ. ಈ ಕಡತ ಅವರ ಕೋಣೆಗೆ ಹೋಗುವ ಮೊದಲು ನನ್ನ ಮೇಜಿಗೆ ಬರಲಿ. ಅವರು ಮೀಟಿಂಗಿನಲ್ಲಿ ಏನೆಂದರು, ಸಂಜೆ ಬಂದು ಹೇಳಿ ಹೋಗಿ. ಆ ಟಿಪ್ಪಣಿಯ ತಾರೀಖು ಎರಡು ದಿನ ಹಿಂದಕ್ಕೆ ಹಾಕಿದರೆ ಏನಾಗುತ್ತದೆ? ಇವುಗಳಲ್ಲಿ ನಿಮ್ಮ ಅಭಿಪ್ರಾಯವನ್ನು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ನಿಮ್ಮ ಕೈಬರಹವನ್ನು, ನಿಮ್ಮ ಸಹಿಯನ್ನು. ಮುಂದೆ ವಿಚಾರಣೆ ಬಂದಾಗ ಕಾಗದದ ಮೇಲೆ ಸಿಗುವುದೂ ಅದೇ. ಸೂಚನೆ ಕೊಟ್ಟವರ ಮಾತು ಗಾಳಿಯಲ್ಲಿ ಹೋಗಿರುತ್ತದೆ.

ದೇಶದ ದೊಡ್ಡ ಉದಾಹರಣೆಯನ್ನೇ ನೋಡೋಣ. 2018ರಲ್ಲಿ ಸಿಬಿಐ ನಿರ್ದೇಶಕರಾಗಿದ್ದವರು ಅಲೋಕ್ ವರ್ಮಾ. ಅವರ ನಂತರದ ಸ್ಥಾನದಲ್ಲಿ ವಿಶೇಷ ನಿರ್ದೇಶಕರಾಗಿದ್ದವರು ರಾಕೇಶ್ ಅಸ್ಥಾನಾ. ಆಗಸ್ಟಿನಲ್ಲಿ ಅಸ್ಥಾನಾ ಅವರು ವರ್ಮಾ ವಿರುದ್ಧ ಸಂಪುಟ ಕಾರ್ಯದರ್ಶಿಗೆ ದೂರು ಕೊಟ್ಟರು. ಅಕ್ಟೋಬರಿನಲ್ಲಿ ಸಿಬಿಐ ತನ್ನ ವಿಶೇಷ ನಿರ್ದೇಶಕರ ಮೇಲೆಯೇ ಲಂಚದ ಆರೋಪದ ಎಫ್‌ಐಆರ್ ದಾಖಲಿಸಿತು. ಹೈದರಾಬಾದಿನ ಉದ್ಯಮಿಯೊಬ್ಬರ ಹೇಳಿಕೆಯನ್ನು ಸೃಷ್ಟಿಸಿದರು ಎಂಬ ಆರೋಪದ ಮೇಲೆ ಅಕ್ಟೋಬರ್ 22ರಂದು ತನ್ನದೇ ಡಿವೈಎಸ್‌ಪಿ ದೇವೇಂದರ್ ಕುಮಾರ್ ಅವರನ್ನು ಬಂಧಿಸಿತು. ಮರುದಿನ ರಾತ್ರಿ ಸರ್ಕಾರ ಇಬ್ಬರು ಹಿರಿಯರನ್ನೂ ರಜೆಯ ಮೇಲೆ ಕಳಿಸಿ, ಎಂ. ನಾಗೇಶ್ವರ ರಾವ್ ಅವರಿಗೆ ಹೊಣೆ ವಹಿಸಿತು.

ಪತ್ರಿಕೆಗಳು ಇಬ್ಬರ ಕಥೆಯನ್ನು ಬರೆದವು. ನನಗೆ ನೆನಪಿರುವುದು ಕೆಳಗಿನವರ ಕಥೆ. ಅಸ್ಥಾನಾ ಪ್ರಕರಣದ ತನಿಖಾಧಿಕಾರಿ ಎ.ಕೆ. ಬಸ್ಸಿ ಅವರನ್ನು ಅಕ್ಟೋಬರ್ 24ರಂದು, ತಕ್ಷಣ ಜಾರಿಗೆ ಬರುವಂತೆ, ಪೋರ್ಟ್ ಬ್ಲೇರ್‌ಗೆ ವರ್ಗ ಮಾಡಲಾಯಿತು. ಅದೇ ತಂಡದ ಡಿಐಜಿ ಮನೀಶ್ ಕುಮಾರ್ ಸಿನ್ಹಾ ನಾಗಪುರಕ್ಕೆ ಹೋದರು. 2019ರ ಜನವರಿ 8ರಂದು, ನಿರ್ದೇಶಕರನ್ನು ಆಯ್ಕೆ ಸಮಿತಿಯ ಒಪ್ಪಿಗೆಯಿಲ್ಲದೆ ಹಾಗೆ ಕಳಿಸುವಂತಿರಲಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ವರ್ಮಾ ಮರಳಿ ಬಂದವರೇ ವರ್ಗಾವಣೆಗಳನ್ನು ರದ್ದು ಮಾಡಿದರು. ಹತ್ತರಂದು ಪ್ರಧಾನಿ ನೇತೃತ್ವದ ಸಮಿತಿ ಎರಡು–ಒಂದು ಮತದಿಂದ ಅವರನ್ನು ತೆಗೆಯಿತು. ಒಪ್ಪದೇ ಇದ್ದ ಆ ಒಂದು ಮತ ನಮ್ಮ ಮಲ್ಲಿಕಾರ್ಜುನ ಖರ್ಗೆಯವರದು. ಹನ್ನೊಂದರಂದು ಮತ್ತೆ ಹೊಣೆ ಹೊತ್ತ ರಾವ್, ವರ್ಮಾ ಹೊರಡಿಸಿದ್ದ ಆದೇಶಗಳನ್ನು ರದ್ದು ಮಾಡಿದರು. ಬಸ್ಸಿ ಪುನಃ ಪೋರ್ಟ್ ಬ್ಲೇರ್. ನಾಲ್ಕು ದಿನದೊಳಗೆ ಒಬ್ಬ ಅಧಿಕಾರಿಯ ಊರು ಎರಡು ಸಲ ಬದಲಾಯಿತು. ಆತ ಮಾಡುತ್ತಿದ್ದುದು ತನಗೆ ಒಪ್ಪಿಸಿದ ತನಿಖೆಯನ್ನು.

ಕೊನೆ ಏನಾಯಿತು? ವರ್ಮಾ ಅವರು ಅಗ್ನಿಶಾಮಕ ಸೇವೆಗಳ ಮಹಾನಿರ್ದೇಶಕ ಹುದ್ದೆಯನ್ನು ಒಲ್ಲೆನೆಂದು ಸೇವೆಯಿಂದ ಹೊರಬಂದರು. 2020ರಲ್ಲಿ ಸಿಬಿಐ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅಸ್ಥಾನಾ ಆಗಲಿ, ಬಂಧನಕ್ಕೊಳಗಾಗಿದ್ದ ದೇವೇಂದರ್ ಕುಮಾರ್ ಆಗಲಿ ಆರೋಪಿಗಳಾಗಿರಲಿಲ್ಲ. ನ್ಯಾಯಾಲಯ ಅದನ್ನು ಒಪ್ಪಿಕೊಂಡಿತು. 2021ರಲ್ಲಿ ಅಸ್ಥಾನಾ ದೆಹಲಿಯ ಪೊಲೀಸ್ ಕಮಿಷನರ್ ಆದರು. ಯಾರದು ಸರಿ, ಯಾರದು ತಪ್ಪು ಎಂದು ನಾನು ತೀರ್ಪು ಕೊಡುತ್ತಿಲ್ಲ. ಜಗಳದ ಲೆಕ್ಕ ಮಾತ್ರ ನೋಡಿ. ಜೈಲು ಕಂಡವರು ಒಬ್ಬ ಡಿವೈಎಸ್‌ಪಿ. ದ್ವೀಪಕ್ಕೆ ಹೋಗಬೇಕಾಗಿ ಬಂದವರು ಅವರದೇ ದರ್ಜೆಯ ಇನ್ನೊಬ್ಬರು. ಒಬ್ಬರನ್ನು ಈ ಕಡೆಯವರೆಂದರು, ಮತ್ತೊಬ್ಬರನ್ನು ಆ ಕಡೆಯವರೆಂದರು. ಎರಡು ಕೋಣ ಕಾದಾಡಿದರೆ ಸಾಯುವುದು ನಡುವಿನ ಗಿಡ ಎಂದು ಹಿರಿಯರು ಹೇಳಿದ್ದು ಇದನ್ನೇ.

ಹಾಗಾದರೆ ತೆಪ್ಪಗಿರಬೇಕೇ? ಇನ್ನೊಂದು ಗುಂಪಿನ ಬುದ್ಧಿಮಾತು ಅದು: ಯಾರ ತಂಟೆಗೂ ಹೋಗಬೇಡ, ಇಬ್ಬರಿಗೂ ನಮಸ್ಕಾರ ಹಾಕು. ಇದನ್ನೂ ನಾನು ಒಪ್ಪುವುದಿಲ್ಲ. ಎರಡೂ ಕೋಣೆಗಳಲ್ಲಿ ತಲೆಯಾಡಿಸಿದವನು ಇಬ್ಬರ ಮೌಖಿಕ ಸೂಚನೆಗಳನ್ನೂ ಹೊತ್ತುಕೊಳ್ಳುತ್ತಾನೆ. ಅವನ ಮೌನವನ್ನು ಇಬ್ಬರೂ ತಮ್ಮ ಖಾತೆಗೆ ಬರೆದುಕೊಳ್ಳುತ್ತಾರೆ.

ಮೂರನೆಯ ದಾರಿ ನಿಯಮದ ಪುಸ್ತಕದಲ್ಲೇ ಇದೆ, ತೆರೆಯುವವರು ಕಡಿಮೆ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು 1964ರವು. ಅದರ ಮೂರನೆಯ ನಿಯಮದ ಪ್ರಕಾರ ಮೇಲಧಿಕಾರಿಯ ಸೂಚನೆ ಸಾಮಾನ್ಯವಾಗಿ ಬರಹದಲ್ಲಿರಬೇಕು. ಬಾಯಿಮಾತಿನಲ್ಲಿ ಹೇಳಲೇಬೇಕಾಗಿ ಬಂದರೆ ಆಮೇಲೆ ತಕ್ಷಣ ಲಿಖಿತವಾಗಿ ದೃಢಪಡಿಸಬೇಕು. ಹಾಗೆ ದೃಢಪಡಿಸುವಂತೆ ಕೇಳುವುದು ಕೆಳಗಿನವನ ಕರ್ತವ್ಯ. ಅಂದರೆ ಕೇಳುವುದು ಉದ್ಧಟತನವಲ್ಲ, ಕೇಳದಿರುವುದೇ ಲೋಪ. ಅಧಿಕಾರಿಗಳು ಮೌಖಿಕ ಆದೇಶದ ಮೇಲೆ ನಡೆಯಬಾರದು, ಅದನ್ನು ದಾಖಲಿಸಬೇಕು ಎಂದು 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ನನ್ನ ಕಚೇರಿಯಲ್ಲಿ ಇದು ಹೀಗೆ ನಡೆಯಿತು. ಟೆಂಡರಿನ ದರಪಟ್ಟಿಗಳನ್ನು ಹೋಲಿಸಿದ ತಖ್ತೆ ನನ್ನ ಬಳಿ ಸಿದ್ಧವಿತ್ತು. ಇಬ್ಬರಲ್ಲಿ ಒಬ್ಬರು ಕರೆದು, "ಅವರು ಸೋಮವಾರದಿಂದ ರಜೆ. ಅಲ್ಲೀವರೆಗೂ ನಿಮ್ಮ ಹತ್ರಾನೇ ಇಟ್ಕೊಳ್ಳಿ" ಎಂದರು. ನಾನು ವಾದ ಮಾಡಲಿಲ್ಲ. ಸೀಟಿಗೆ ಬಂದು ಕಡತದಲ್ಲಿ ಎರಡು ಸಾಲು ಬರೆದೆ: ತಖ್ತೆ ಇಂದು ಸಿದ್ಧವಾಗಿದೆ, ಸೋಮವಾರದವರೆಗೆ ಮಂಡಿಸದಿರಲು ಮೌಖಿಕ ಸೂಚನೆ ಬಂದಿದ್ದು, ಲಿಖಿತ ದೃಢೀಕರಣ ಕೋರಿದೆ. ಕಡತ ಅವರ ಮೇಜಿಗೇ ಹೋಯಿತು. ಅರ್ಧ ಗಂಟೆಯಲ್ಲಿ ಫೋನು ಬಂತು: "ಏನ್ರೀ ಇದು, ಅಷ್ಟಕ್ಕೆಲ್ಲ ಬರೀತಾರಾ? ಕಳಿಸಿಬಿಡಿ ಅತ್ಲಾಗೆ." ತಖ್ತೆ ಅದೇ ದಿನ ಸರಿಯಾದ ದಾರಿಯಲ್ಲಿ ಹೋಯಿತು. ಆಗಲಿ ಎಂದು ಬರೆದು ಸಹಿ ಹಾಕುವ ಧೈರ್ಯ ಆ ಸೂಚನೆಗೆ ಇರಲಿಲ್ಲ.

ಅವರ ಎದುರಾಳಿ ಇದನ್ನು ಕೇಳಿ ಖುಷಿಯಾದರು, ನಾನು ತಮ್ಮ ಕಡೆಯವನೆಂದುಕೊಂಡರು. ಎರಡು ತಿಂಗಳ ಮೇಲೆ ಅವರದೊಂದು ಬಾಯಿಮಾತಿಗೂ ನಾನು ಅದೇ ಎರಡು ಸಾಲು ಬರೆದೆ. ಆಮೇಲೆ ಇಬ್ಬರೂ ನನ್ನನ್ನು ಕಾಫಿಗೆ ಕರೆಯುವುದು ನಿಲ್ಲಿಸಿದರು. ಆ ವರ್ಷದ ಕಾರ್ಯನಿರ್ವಹಣಾ ವರದಿಯಲ್ಲಿ ನನ್ನ ಅಂಕ ಇಳಿಯಿತು, ಹೊಂದಿಕೊಳ್ಳುವ ಸ್ವಭಾವ ಸಾಲದು ಎಂಬ ಷರಾ ಬಂತು. ಬಡ್ತಿ ಒಂದು ಸುತ್ತು ತಪ್ಪಿತು.

ಆದ್ದರಿಂದ ಬರೆದಿಡುವುದರಿಂದ ಎಲ್ಲವೂ ಒಳ್ಳೆಯದಾಗುತ್ತದೆ ಎಂದು ಹೇಳಲಾರೆ. ವರ್ಗಾವಣೆಯನ್ನು ಅದು ತಡೆಯುವುದಿಲ್ಲ. ಬಸ್ಸಿಯಂಥವರನ್ನೂ ತಡೆಯಲಿಲ್ಲ. ಆದರೆ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತುವಾಗ ತಾನು ಏನು ಮಾಡಿದೆ, ಯಾವಾಗ ಮಾಡಿದೆ ಎಂದು ಹೇಳಿಕೊಳ್ಳಬಲ್ಲವರಾಗಿದ್ದರು. ಪಕ್ಷ ಹಿಡಿದವನಿಗೆ ಆ ಅನುಕೂಲವೂ ಇರುವುದಿಲ್ಲ. ಅವನ ರಕ್ಷಣೆಯೆಲ್ಲ ಒಬ್ಬರ ಕುರ್ಚಿಯ ಮೇಲೆ ನಿಂತಿರುತ್ತದೆ, ಕುರ್ಚಿ ಒಂದು ರಾತ್ರಿಯಲ್ಲಿ ಖಾಲಿಯಾಗಬಹುದು.

ನನಗೆ ಬುದ್ಧಿ ಹೇಳಿದ ಆ ಹಿರಿಯರು ಒಂದು ಕಡೆ ಆಗಿದ್ದರು. ಅವರ ಸಾಹೇಬರು ದೆಹಲಿಗೆ ಬಡ್ತಿಯ ಮೇಲೆ ಹೋದರು. ಹಿಂದಿನ ತಾರೀಖು ಹಾಕಿದ ಒಂದು ಟಿಪ್ಪಣಿಗೆ ವಿವರಣೆ ಕೊಡಲು ಇವರು ಉಳಿದರು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಕುಳಿತಿದ್ದಾಗಲೂ ಆ ವಿಚಾರಣೆ ಮುಗಿದಿರಲಿಲ್ಲ, ಗ್ರಾಚ್ಯುಟಿ ತಡೆಹಿಡಿಯಲಾಗಿತ್ತು. ಸಾಹೇಬರು ದೆಹಲಿಯಿಂದ ಒಂದು ಶುಭಾಶಯದ ಮೆಸೇಜು ಕಳಿಸಿದ್ದರು. ಅದನ್ನು ಅವರು ನನಗೆ ತೋರಿಸಿದರು.